ಎಲ್ಲೂರಿನ ಸ್ಥಾವರ, ಹೈದರಾಬಾದಿನ ಸಾಲ

ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟಿನ ವಿದ್ಯುತ್ ಸ್ಥಾವರವನ್ನು ನಿರ್ಮಿಸಿದ ಹೈದರಾಬಾದಿನ ಲ್ಯಾಂಕೊ ಇನ್‌ಫ್ರಾಟೆಕ್, ಋಣಭಾರವನ್ನು ತಾಳಲಾರದೆ 2014ರಲ್ಲಿ ಅದನ್ನು ಅದಾನಿ ಪವರ್‌ಗೆ ಮಾರಲೊಪ್ಪಿತು; ಅಷ್ಟರಿಂದಲೂ ಉಳಿಯಲಾಗದೆ 2017ರ ಆಗಸ್ಟಿನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಹೈದರಾಬಾದ್ ಪೀಠದ ಮುಂದೆ ದಿವಾಳಿ ಪ್ರಕ್ರಿಯೆಗೊಳಗಾಗಿ, ಮರುವರ್ಷ ಸಮಾಪನೆಯ ಆದೇಶವನ್ನು ಪಡೆಯಿತು. ಸಾಲವೇ ಅದನ್ನು ಕೊಂದಿತೆಂಬ ಮಾತು ಸುಲಭವಾದದ್ದು. ಆದರೆ ಸಾಲದಿಂದ ಸಂಸ್ಥೆಯ ಮೌಲ್ಯವು ಏರುವುದೂ ಇಲ್ಲ, ಇಳಿಯುವುದೂ ಇಲ್ಲವೆಂದು ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಸಾಧಿಸಿ ತೋರಿಸಿದ್ದರಲ್ಲವೆ?

ಅವರ ತರ್ಕವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ವರ್ಷಕ್ಕೆ 100 ಕೋಟಿ ಗಳಿಸುವ, ಸಾಲವಿಲ್ಲದ ಸಂಸ್ಥೆಯ ಬೆಲೆ 1,000 ಕೋಟಿಯೆನ್ನೋಣ. ಅದರಂತೆಯೇ ಗಳಿಸುವ ಇನ್ನೊಂದು ಸಂಸ್ಥೆ ಶೇ 8ರ ಬಡ್ಡಿಗೆ 500 ಕೋಟಿ ಸಾಲ ಮಾಡಿದ್ದರೆ, 40 ಕೋಟಿ ಬಡ್ಡಿಗೆ ಹೋಗಿ 60 ಕೋಟಿ ಷೇರುದಾರರಿಗೆ ಉಳಿಯುತ್ತದೆ. ಆ ಷೇರುಗಳಲ್ಲಿ ಹತ್ತನೆಯ ಒಂದು ಪಾಲಿಗೆ 50 ಕೋಟಿ ತೆತ್ತವನಿಗೆ ಬರುವುದು 6 ಕೋಟಿ. ಅವನು ತಾನೇ 50 ಕೋಟಿ ಸಾಲ ಮಾಡಿ, ಸ್ವಂತ 50 ಕೋಟಿಯನ್ನು ಕೂಡಿಸಿ, ಸಾಲವಿಲ್ಲದ ಸಂಸ್ಥೆಯ ಹತ್ತನೆಯ ಒಂದು ಪಾಲನ್ನು ಕೊಂಡರೂ, 4 ಕೋಟಿ ಬಡ್ಡಿ ಕಳೆದು ಅದೇ 6 ಕೋಟಿ ದೊರಕುವುದು. ತಾನೇ ಮಾಡಿಕೊಳ್ಳಬಲ್ಲ ಕೆಲಸಕ್ಕೆ ಯಾರೂ ಹೆಚ್ಚಿನ ಬೆಲೆ ತೆರಲಾರರಷ್ಟೆ.

ತೆರಿಗೆ ಬಂದೊಡನೆ ಈ ಸಮತೆ ಮುರಿಯುತ್ತದೆ. ಶೇ 25ರ ತೆರಿಗೆಯಲ್ಲಿ ಸಾಲವಿಲ್ಲದ ಸಂಸ್ಥೆಯ ಬೆಲೆ 750 ಕೋಟಿಗಿಳಿದರೆ, ಬಡ್ಡಿಯನ್ನು ಆದಾಯದಿಂದ ಕಳೆಯಬಹುದಾದ ಸಂಸ್ಥೆ ವರ್ಷಕ್ಕೆ 10 ಕೋಟಿ ತೆರಿಗೆ ಉಳಿಸಿ, ಸಾಲವು ಶಾಶ್ವತವಾಗಿದ್ದ ಪಕ್ಷದಲ್ಲಿ, 125 ಕೋಟಿಯಷ್ಟು ಹೆಚ್ಚು ಬಾಳುತ್ತದೆ. 1963ರಲ್ಲಿ ಆ ಇಬ್ಬರೇ ತಮ್ಮ ನಿರ್ಣಯವನ್ನು ಹೀಗೆ ತಿದ್ದಿದರು.

ಆದರೆ ಉಳಿತಾಯಕ್ಕೆ ಮೊದಲು ತೆರಿಗೆ ಇರಬೇಕು. ವಿದ್ಯುದುತ್ಪಾದಕರಿಗೆ ಆದಾಯ ತೆರಿಗೆ ಕಾಯಿದೆಯ 80-ಐಎ ಕಲಮು ಹತ್ತು ವರ್ಷಗಳ ಲಾಭಕ್ಕೆ ವಿನಾಯಿತಿ ಕೊಟ್ಟು, ಕನಿಷ್ಠ ಪರ್ಯಾಯ ತೆರಿಗೆಯನ್ನು ಮಾತ್ರ ಉಳಿಸಿತ್ತು. ನಷ್ಟದ ವರ್ಷದಲ್ಲಂತೂ ಉಳಿಸಲು ತೆರಿಗೆಯೇ ಇಲ್ಲ. ಇಂಥ ಉದ್ಯಮದಲ್ಲಿ ಸಾಲದ ಲಾಭ ತೆಳುವಾದದ್ದು.

ಆ ಲಾಭಕ್ಕೆದುರಾಗಿ ತೂಗಬೇಕಾದ, ಸಾಲ ತೀರಿಸಲಾಗದ ಸಂಕಷ್ಟದ ವೆಚ್ಚವಾದರೋ ಸ್ವತ್ತಿನ ಸ್ವರೂಪವನ್ನು ಅವಲಂಬಿಸಿದೆ. ಸ್ಥಾವರಕ್ಕೆ ಒಡೆಯನಾರೆಂಬುದು ಮುಖ್ಯವಲ್ಲ: ಬಾಯ್ಲರು, ಟರ್ಬೈನು, ವಿದ್ಯುತ್ ಖರೀದಿಯ ಒಪ್ಪಂದ ಇವೆಲ್ಲ ಕೊಂಡವನ ಕೈಗೆ ಹಾಗೆಯೇ ಸಾಗುತ್ತವೆ. ಗುತ್ತಿಗೆದಾರ ಸಂಸ್ಥೆಯ ಸ್ವತ್ತೆಂದರೆ ಕೈಯಲ್ಲಿರುವ ಕಾಮಗಾರಿ, ಅನುಭವಿ ಎಂಜಿನಿಯರರು ಮತ್ತು ಬ್ಯಾಂಕು ಕೊಡುವ ಖಾತರಿ. ಸಾಲದ ಕಂತು ತಪ್ಪಿತೆಂಬ ಸುದ್ದಿ ಹಬ್ಬಿದೊಡನೆ ಖಾತರಿ ನಿಲ್ಲುತ್ತದೆ. ಖಾತರಿಯಿಲ್ಲದೆ ಹೊಸ ಟೆಂಡರು ಸಿಕ್ಕದು, ಸರಬರಾಜುದಾರ ಮುಂಗಡ ಹಣ ಕೇಳುತ್ತಾನೆ, ಎಂಜಿನಿಯರು ಬೇರೆಡೆಗೆ ಹೋಗುತ್ತಾನೆ. ನ್ಯಾಯಾಲಯದ ಶುಲ್ಕಕ್ಕಿಂತ ಈ ಸೋರಿಕೆಯೇ ಹಿರಿದು. ಲ್ಯಾಂಕೊ ಎರಡೂ ಬಗೆಯ ಉದ್ಯಮಗಳನ್ನು ಒಂದೇ ಬಳಗದೊಳಗೆ ನಡೆಸಿತು. ಮಾರಿದ ಸ್ಥಾವರ ಉಳಿಯಿತು, ಕಟ್ಟಿದ ಸಂಸ್ಥೆ ಉಳಿಯಲಿಲ್ಲ.

ಸ್ಥಾವರ ಹೊರಬಲ್ಲ ಸಾಲವನ್ನು ಗುತ್ತಿಗೆದಾರನ ಹೆಗಲಿಗೂ ಹೊರಿಸಿದ ಬ್ಯಾಂಕುಗಳು, ಆ ತಪ್ಪಿನಲ್ಲಿ ತಮ್ಮ ಪಾಲನ್ನೂ ಒಪ್ಪಿಕೊಳ್ಳಬೇಕು.