ಅಪರಿಚಿತರ ಸಂದೇಶ: ಓದುವುದು ಬೇರೆ, ಒಪ್ಪುವುದು ಬೇರೆ

ಗುರುತಿಲ್ಲದವರು ಕಳಿಸಿದ ಸಂದೇಶಕ್ಕೆ ಉತ್ತರಿಸದಿರುವುದು ಅಸಭ್ಯತೆಯೇ? ಮನೆ ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಕಳಿಸಬಾರದು ಎಂಬ ಸಂಸ್ಕಾರದಲ್ಲಿ ಬೆಳೆದ ನಮ್ಮಲ್ಲಿ ಅನೇಕರು ಮೊಬೈಲಿನಲ್ಲೂ ಅದನ್ನೇ ಪಾಲಿಸುತ್ತಾರೆ. ‘ಆಕ್ಸೆಪ್ಟ್’ ಒತ್ತಿ, ‘ಯಾರು ತಾವು?’ ಎಂದು ಕೇಳುತ್ತಾರೆ. ಆದರೆ ಇಲ್ಲಿ ಒಪ್ಪುವುದು ಬರೀ ಸೌಜನ್ಯವಲ್ಲ, ಅದೊಂದು ಅನುಮತಿ. ಯಾವುದಕ್ಕೆ ಅನುಮತಿ ಎಂಬುದು ತಿಳಿದಿದ್ದರೆ ಸೌಜನ್ಯಕ್ಕೂ ಎಚ್ಚರಕ್ಕೂ ಜಗಳವಿರುವುದಿಲ್ಲ.

ಫೇಸ್‌ಬುಕ್‌ನ ಮೆಸೆಂಜರನ್ನೇ ನೋಡೋಣ. ನಿಮ್ಮ ಸ್ನೇಹಿತರ ಪಟ್ಟಿಯಲ್ಲಿರುವವರು ಬರೆದದ್ದು ನೇರವಾಗಿ ಚಾಟ್‌ಗಳ ಸಾಲಿಗೆ ಬರುತ್ತದೆ. ಪಟ್ಟಿಯ ಹೊರಗಿನವರು ಬರೆದದ್ದು ಸಾಮಾನ್ಯವಾಗಿ ‘ಮೆಸೇಜ್ ರಿಕ್ವೆಸ್ಟ್’ ಎಂಬ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಈ ಏರ್ಪಾಡು ಬಂದದ್ದು 2015ರಲ್ಲಿ. ಅದಕ್ಕೆ ಮುಂಚೆ ಇಂಥವೆಲ್ಲ ‘ಅದರ್’ ಎಂಬ ಮೂಲೆಗೆ ಹೋಗಿ, ಅಂಥದ್ದೊಂದು ಮೂಲೆಯಿದೆ ಎಂಬುದೇ ಬಹಳ ಜನಕ್ಕೆ ಗೊತ್ತಾಗದೆ ಉಳಿದುಬಿಡುತ್ತಿದ್ದವು. ಈಗ ರಿಕ್ವೆಸ್ಟ್‌ಗಳ ಒಳಗೂ ಎರಡು ಪಾಲು: ನಿಮಗೆ ಪರಿಚಯವಿರಬಹುದು ಎಂದು ವ್ಯವಸ್ಥೆ ಊಹಿಸಿದವರದು ಒಂದು, ಸ್ಪ್ಯಾಮ್ ಎಂದು ಊಹಿಸಿದ್ದು ಇನ್ನೊಂದು.

ಇವೆರಡೂ ಊಹೆಗಳೇ. ಕಳಿಸಿದವರ ನಂಟು ನಿಮಗೆಷ್ಟು ಹತ್ತಿರ ಎಂದು ವ್ಯವಸ್ಥೆ ಅಂದಾಜು ಮಾಡಬಲ್ಲದು, ಅವರು ಎಷ್ಟು ಪ್ರಾಮಾಣಿಕರು ಎಂದು ಹೇಳಲಾರದು. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಸಹಪಾಠಿ ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು, ಮೋಸಗಾರ ಮೇಲಿನ ಪಾಲಿನಲ್ಲೇ ಕಾಣಿಸಿಕೊಳ್ಳಬಹುದು.

ನಮ್ಮಲ್ಲಿ ಹಲವು ಕಡೆ ನಡೆದಿರುವ ಮೋಸವೊಂದು ಹೀಗಿದೆ. ನಿಮ್ಮ ಹಳೆಯ ಮೇಷ್ಟ್ರ ಹೆಸರು, ಫೋಟೊ ಇರುವ ಖಾತೆಯಿಂದ ಸಂದೇಶ ಬರುತ್ತದೆ: ‘ಹೇಗಿದ್ದೀಯಪ್ಪ? ನನ್ನ ಪರಿಚಯದ ಸಿಆರ್‌ಪಿಎಫ್ ಅಧಿಕಾರಿಗೆ ವರ್ಗವಾಗಿದೆ. ಮನೆಯ ಸೋಫಾ, ಫ್ರಿಜ್ಜು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ನಿನ್ನ ನಂಬರ್ ಕೊಡು.’ ನಂಬರ್ ಕೊಟ್ಟ ಮೇಲೆ ‘ಅಧಿಕಾರಿ’ ವಾಟ್ಸಾಪ್‌ಗೆ ಬರುತ್ತಾನೆ, ಸಾಮಾನಿನ ಫೋಟೊ ಕಳಿಸುತ್ತಾನೆ, ಮುಂಗಡ ಕೇಳುತ್ತಾನೆ. ಹಣ ಹೋಗುತ್ತದೆ, ಸೋಫಾ ಬರುವುದಿಲ್ಲ.

ಇದರ ಸುಳಿವು ಸಂದೇಶ ಬಂದ ಜಾಗದಲ್ಲೇ ಇದೆ. ಮೇಷ್ಟ್ರು ಮೊದಲೇ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿದ್ದರೆ ಅವರ ಮಾತು ರಿಕ್ವೆಸ್ಟ್‌ನಲ್ಲಿ ಯಾಕೆ ಬಂತು? ಬರೆದದ್ದು ಬೇರೆ ಖಾತೆಯಿಂದ ಎಂದೇ ಅರ್ಥ. ಅವರು ನಿಜಕ್ಕೂ ಹೊಸ ಖಾತೆ ತೆರೆದಿರಬಹುದು, ಅದನ್ನು ಒಂದು ಫೋನ್ ಮಾಡಿ ಕೇಳಿದರಾಯಿತು. ‘ಮ್ಯೂಚುವಲ್ ಫ್ರೆಂಡ್ಸ್ ಐದು ಜನ ಇದ್ದಾರಲ್ಲ’ ಎಂಬ ಸಮಾಧಾನ ಸಾಲದು. ನಕಲಿ ಖಾತೆಯವರು ಮೊದಲು ಮೇಷ್ಟ್ರ ಪರಿಚಿತರಿಗೆಲ್ಲ ಫ್ರೆಂಡ್ ರಿಕ್ವೆಸ್ಟ್ ಕಳಿಸುತ್ತಾರೆ. ಯೋಚಿಸದೆ ಒಪ್ಪಿದ ಐವರೇ ನಿಮಗೆ ಸಾಕ್ಷಿಗಳಾಗಿ ಕಾಣುತ್ತಾರೆ.

ಒಪ್ಪಿದರೆ ಏನು ಬದಲಾಗುತ್ತದೆ? ಒಪ್ಪುವ ತನಕ ನೀವು ರಿಕ್ವೆಸ್ಟ್ ತೆರೆದು ಓದಿದರೂ ಓದಿದಿರೆಂದು ಕಳಿಸಿದವರಿಗೆ ತಿಳಿಯುವುದಿಲ್ಲ. ಒಪ್ಪಿದ ಮೇಲೆ ಸಂಭಾಷಣೆ ಚಾಟ್‌ಗಳ ಸಾಲಿಗೆ ಸೇರುತ್ತದೆ. ಅವರು ಕರೆ ಮಾಡಬಹುದು. ಸೆಟ್ಟಿಂಗ್‌ನಲ್ಲಿ ನೀವು ಮುಚ್ಚಿಟ್ಟಿರದಿದ್ದರೆ, ನೀವು ಯಾವಾಗ ಆನ್‌ಲೈನ್ ಇದ್ದೀರಿ, ಅವರ ಮಾತನ್ನು ಓದಿದಿರೋ ಇಲ್ಲವೋ ಎಂಬುದೂ ಕಾಣುತ್ತದೆ. ಉತ್ತರ ಬರೆದರೂ ಒಪ್ಪಿದಂತೆಯೇ, ‘ಯಾರು ತಾವು?’ ಎಂಬ ಎರಡು ಪದವೇ ಸಾಕು. ಮೋಸಗಾರನಿಗೆ ಮೊದಲು ಬೇಕಾದ ಮಾಹಿತಿಯೂ ಇದೇ: ಈ ಖಾತೆಯ ಹಿಂದೆ ಉತ್ತರಿಸುವ ಮನುಷ್ಯರಿದ್ದಾರೆ. ಹಾಗೆಂದು ಎಲ್ಲವೂ ತೆರೆದುಕೊಳ್ಳುವುದಿಲ್ಲ. ಸಂದೇಶ ಒಪ್ಪುವುದೂ ಫ್ರೆಂಡ್ ರಿಕ್ವೆಸ್ಟ್ ಒಪ್ಪುವುದೂ ಬೇರೆ ಬೇರೆ. ಸ್ನೇಹಿತರಿಗೆಂದೇ ಹಾಕಿದ ಫೋಟೊಗಳು ಸಂದೇಶ ಒಪ್ಪಿದ ಮಾತ್ರಕ್ಕೆ ಅವರಿಗೆ ಕಾಣಿಸುವುದಿಲ್ಲ.

ಒಪ್ಪಿದ ಮೇಲೆ ಹಿಂದೆ ಸರಿಯುವ ದಾರಿಯೂ ಇದೆ. ‘ರಿಸ್ಟ್ರಿಕ್ಟ್’ ಮಾಡಿದರೆ ಅವರ ಸಂದೇಶ ಚಾಟ್‌ಗಳ ಸಾಲಿನಿಂದ ಹೊರಗೆ ಹೋಗುತ್ತದೆ, ನೀವು ಆನ್‌ಲೈನ್ ಇರುವುದು, ಓದಿದ್ದು ಅವರಿಗೆ ಕಾಣುವುದು ನಿಲ್ಲುತ್ತದೆ. ಅಳಿಸಿದರೆ ಸಂದೇಶ ಮಾತ್ರ ಹೋಗುತ್ತದೆ, ಅದೇ ಮನುಷ್ಯ ಮತ್ತೆ ಬರೆಯಬಹುದು. ಪೂರ್ತಿ ತಡೆಯಬೇಕೆಂದರೆ ಬ್ಲಾಕ್ ಮಾಡಬೇಕು. ಆದರೆ ಆಗಲೇ ಕೊಟ್ಟ ಫೋನ್ ನಂಬರನ್ನು ಇವ್ಯಾವುವೂ ಹಿಂದಕ್ಕೆ ತರಲಾರವು.

ಹಾಗಾದರೆ ರಿಕ್ವೆಸ್ಟ್‌ಗಳನ್ನು ತೆರೆಯಲೇಬಾರದೇ? ನಾನು ಹಾಗೆನ್ನುವುದಿಲ್ಲ. ಮನೆಯಲ್ಲೇ ಸೀರೆ ಮಾರುವ ಹೆಂಗಸಿಗೆ ಬಂದ ಆರ್ಡರು, ಊರಿನ ನಂಟು ಹುಡುಕುತ್ತಿರುವ ದೂರದ ಬಂಧುವಿನ ವಿಚಾರಣೆ ಎಲ್ಲವೂ ಅಲ್ಲೇ ಕಾದಿರುತ್ತವೆ. ಹೆದರಿ ನೋಡದೆ ಬಿಟ್ಟರೆ ಮೋಸಗಾರನಿಗಲ್ಲ, ಇಂಥವರಿಗೆ ನಷ್ಟ. ಆದ್ದರಿಂದ ವಾರಕ್ಕೊಮ್ಮೆಯಾದರೂ ಸ್ಪ್ಯಾಮ್ ಸೇರಿದಂತೆ ಅಲ್ಲಿರುವುದನ್ನು ಓದಿ, ಲಿಂಕ್ ಮಾತ್ರ ಒತ್ತಬೇಡಿ. ಪರಿಚಿತರ ಹೆಸರಿದ್ದರೆ ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ, ಆಮೇಲೆ ಒಪ್ಪಿ. ಹಣ ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.