ಕೆಂಪು ಗೆರೆ ಎಳೆದರೆ ಸಾಲದು ಮೇಷ್ಟ್ರೇ

ಹೈಸ್ಕೂಲಿನಿಂದ ಡಿಗ್ರಿವರೆಗೂ ನಮ್ಮ ಇಂಗ್ಲಿಷ್ ಪ್ರಬಂಧಗಳ ಮೇಲೆ ಬಿದ್ದದ್ದು ಒಂದೇ ಕೆಂಪು ಗೆರೆ: 'ಆರ್ಟಿಕಲ್ ತಪ್ಪು'. ಯಾಕೆ ತಪ್ಪು ಅಂತ ಯಾರೂ ಬರೆಯಲಿಲ್ಲ. ಕೇಳಿದರೆ, ಸ್ವರ ಬಂದರೆ 'ಆ್ಯನ್', ಇಲ್ಲದಿದ್ದರೆ 'ಎ' ಎಂಬ ಉತ್ತರ. ಇನ್ನೂ ಕೇಳಿದರೆ, "ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಕಣ್ರೋ, ನಿಮಗೆ ಬರೋದು ಕಷ್ಟ" ಅಂತ ಮಾತು ಮುಗಿಸುತ್ತಿದ್ದರು.

ಈ ಎರಡು ಉತ್ತರಗಳನ್ನೂ ನಾವು ಒಪ್ಪುವುದಿಲ್ಲ.

ಸ್ವರದ ನಿಯಮ ಚಿಕ್ಕದು. ಅದೂ ಅಕ್ಷರದ ನಿಯಮವಲ್ಲ, ಉಚ್ಚಾರದ ನಿಯಮ. ಪದವನ್ನು ಕನ್ನಡದಲ್ಲಿ ಬರೆದು ನೋಡಿ. 'ಅವರ್' ಅ-ದಿಂದ ಶುರು, ಹಾಗಾಗಿ 'ಆ್ಯನ್ ಅವರ್'. 'ಯೂನಿವರ್ಸಿಟಿ' ಯ-ದಿಂದ ಶುರು, ಹಾಗಾಗಿ 'ಎ ಯೂನಿವರ್ಸಿಟಿ'. ಇಷ್ಟೇ.

ನಿಜವಾದ ಪ್ರಶ್ನೆ ಬೇರೆ: ಯಾವುದರ ಬಗ್ಗೆ ಹೇಳುತ್ತಿದ್ದೇವೆ ಅಂತ ಓದುವವರಿಗೆ ಆಗಲೇ ಗೊತ್ತಿದೆಯೇ? ಇದನ್ನು ನಮ್ಮಜ್ಜಿಯರು ಇಂಗ್ಲಿಷ್ ಇಲ್ಲದೆಯೇ ಬಲ್ಲರು. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ." ಮೊದಲ ಸಲ 'ಒಬ್ಬ', ಗುರುತಾದ ಮೇಲೆ 'ಆ'. ಇಂಗ್ಲಿಷಿನ 'ಎ' ಮತ್ತು 'ದ' ಮಾಡುವ ಕೆಲಸ ಬಹುಪಾಲು ಇದೇ.

ನಾವು ಬರೆಯುತ್ತಿದ್ದದ್ದು ಹೀಗೆ: "ವಿ ಬಾಟ್ ಕೌ. ಕೌ ಗೇವ್ ಮಿಲ್ಕ್. ವಿ ಸೋಲ್ಡ್ ಮಿಲ್ಕ್." ಈಗ ಅಜ್ಜಿಯ ಹಾಗೆ ಹೇಳೋಣ: ಒಂದು ಹಸು ಕೊಂಡೆವು. ಆ ಹಸು ಹಾಲು ಕೊಟ್ಟಿತು. ಆ ಹಾಲನ್ನು ಮಾರಿದೆವು. ಹಸು ಮೊದಲು 'ಎ ಕೌ', ಆಮೇಲೆ 'ದ ಕೌ'. ಹಾಲನ್ನು ಒಂದು, ಎರಡು ಅಂತ ಎಣಿಸಲಾಗದು, ಆದ್ದರಿಂದ ಅದಕ್ಕೆ 'ಎ' ಇಲ್ಲ. ಮೊದಲ ಸಲ ಬರೀ 'ಮಿಲ್ಕ್'. ಮಾರಿದ್ದು ಅದೇ ಹಸುವಿನ ಹಾಲು, ಹಾಗಾಗಿ 'ದ ಮಿಲ್ಕ್'.

ಕನ್ನಡದ ಈ ದಾರಿ ಎಲ್ಲ ಕಡೆಗೂ ಹೋಗುವುದಿಲ್ಲ. "ಅಪ್ಪ ರೈತ" ಅನ್ನುವಾಗ ನಾವು 'ಒಬ್ಬ' ಸೇರಿಸುವುದಿಲ್ಲ, ಇಂಗ್ಲಿಷ್ ಸೇರಿಸುತ್ತದೆ: "ಮೈ ಫಾದರ್ ಈಸ್ ಎ ಫಾರ್ಮರ್." ಇನ್ನು ಭಯಕ್ಕೆ ಎಲ್ಲ ಕಡೆ 'ದ' ತುರುಕುವ ಚಾಳಿ. ಲೋಕದ ನಿಸರ್ಗದ ಬಗ್ಗೆ ಬರೆಯುವಾಗ 'ದ ನೇಚರ್' ಅಲ್ಲ, ಬರೀ 'ನೇಚರ್'. ಇವನ್ನು ಬೇರೆಯಾಗಿಯೇ ಕಲಿಯಬೇಕು.

ಇಷ್ಟು ಹೇಳಲು ಒಂದು ಪೀರಿಯಡ್ ಸಾಕಿತ್ತು. ಅದನ್ನು ಹೇಳದೆ ವರ್ಷಗಟ್ಟಲೆ ಅಂಕ ಕಳೆದರು, ತಪ್ಪನ್ನು ನಮ್ಮ ಭಾಷೆಯ ಮೇಲೆ ಹಾಕಿದರು. ಮೇಷ್ಟ್ರೇ, ಮುಂದಿನ ಸಲ ಗೆರೆ ಎಳೆಯುವಾಗ ಪಕ್ಕದಲ್ಲಿ ಒಂದೇ ಮಾತು ಬರೆಯಿರಿ: "ಯಾವ ಹಸು?" ಉಳಿದದ್ದನ್ನು ನಮ್ಮ ಹುಡುಗರು ತಾವೇ ತಿದ್ದಿಕೊಳ್ಳುತ್ತಾರೆ.