ಬೀರುವಿನ ಬಾಗಿಲಿಗೆ ಎಷ್ಟು ಜಾಗ?
ನನ್ನ ತಂಗಿಯ ಮನೆಯ ಮಲಗುವ ಕೋಣೆಯ ಅಗಲ 9 ಅಡಿ. ಗೋಡೆಗೆ ಒತ್ತಿಟ್ಟ ಮಂಚಕ್ಕೆ 5 ಅಡಿ, ಎದುರಿನ ವಾರ್ಡ್‌ರೋಬಿಗೆ 2 ಅಡಿ ಹೋದರೆ ಓಡಾಡಲು ಉಳಿಯುವುದು 2 ಅಡಿ, ಅಂದರೆ 24 ಇಂಚು. ಅಲ್ಲಿ 18 ಇಂಚು ಅಗಲದ ಕೀಲುಬಾಗಿಲು ತೆರೆದರೆ ಮಂಚಕ್ಕೂ ಬಾಗಿಲಿಗೂ ನಡುವೆ 6 ಇಂಚು ಮಾತ್ರ. ಬಟ್ಟೆ ತೆಗೆಯಲು ಮಂಚದ ಮೇಲೆ ಕೂರಬೇಕು. ಹಾಗಾಗಿ ಜಾರುಬಾಗಿಲೇ ಸರಿ ಎಂದೆ. ಆದರೆ ಅದು ಪುಕ್ಕಟೆಯಾಗಿ ಜಾಗ ಉಳಿಸುವುದಿಲ್ಲ. ಒಂದರ ಹಿಂದೊಂದು ಓಡುವ ಎರಡು ಬಾಗಿಲು, ಹಳಿ ಸೇರಿ ಒಳಗಿನ ಆಳದಲ್ಲಿ ಮೂರ್ನಾಲ್ಕು ಇಂಚು ತಿನ್ನುತ್ತವೆ. ಹ್ಯಾಂಗರಿಗೆ ತೂಗುಹಾಕಿದ ಅಂಗಿಗೆ ಸುಮಾರು 22 ಇಂಚು ಆಳ ಬೇಕು. ಇಲ್ಲದಿದ್ದರೆ ತೋಳು ಬಾಗಿಲಿಗೆ ಸಿಕ್ಕಿ ಉಜ್ಜುತ್ತದೆ. ಅದಕ್ಕೇ ಆಳವನ್ನು 27 ಇಂಚಿಗೆ ಏರಿಸಿದೆವು, ಓಡಾಟಕ್ಕೆ 21 ಇಂಚು ಉಳಿಯಿತು. ಬಾಗಿಲು ಹೊರಗೆ ಬಾರದ ಕಾರಣ ಅಷ್ಟು ಸಾಕಾಯಿತು. ಬಹಳ ಜನ ಮರೆಯುವುದು ಡ್ರಾಯರನ್ನು. ಎರಡು ಬಾಗಿಲು ಒಂದರ ಮೇಲೊಂದು ಬರುವ ನಡುಭಾಗದಲ್ಲಿ ಡ್ರಾಯರ್ ಇಟ್ಟರೆ ಯಾವ ಕಡೆಗೆ ಸರಿಸಿದರೂ ಬಾಗಿಲು ಅಡ್ಡ ಬಂದು ಅದು ಪೂರ್ತಿ ಹೊರಬರುವುದಿಲ್ಲ. ಅದನ್ನು ಒಂದು ಬದಿಗೇ ಮಾಡಿಸಿ. ಕೆಳಗಿನ ಹಳಿಯಲ್ಲಿ ಧೂಳು, ಕೂದಲು ಕೂತರೆ ಬಾಗಿಲು ಬಿಗಿಯಾಗುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಎದುರಿಗೆ ಮೂರು ಅಡಿ ಖಾಲಿ ಇರುವವರು ಕೀಲುಬಾಗಿಲನ್ನೇ ಹಾಕಿಸಿ. ಇಡೀ ಬೀರು ಒಂದೇ ನೋಟಕ್ಕೆ ಸಿಗುತ್ತದೆ. ಬಡಗಿಗೆ ಮುಂಗಡ ಕೊಡುವ ಮೊದಲು ಬಾಗಿಲಿನ ಅಗಲಕ್ಕೆ ಹಳೆ ಪೇಪರ್ ಕತ್ತರಿಸಿ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ನಿಂತು ನೋಡಿ.